ಏಳು ಸೆಕೆಂಡಿನ ನಿಧಾನ: ಓಜು ಶೈಲಿಯನ್ನು ಅಳೆಯುವುದು ಹೇಗೆ?

ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ ಸಿನಿಮಾ ನೋಡಿ ಎದ್ದವರು ಮೊದಲು ಆಡುವ ಮಾತು ಹೆಚ್ಚಾಗಿ ಒಂದೇ: ತುಂಬಾ ನಿಧಾನ. ಮೆಚ್ಚಿದವರೂ ಅದನ್ನೇ ಹೇಳುತ್ತಾರೆ, ಬೇಸರಪಟ್ಟವರೂ ಅದನ್ನೇ ಹೇಳುತ್ತಾರೆ. ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ಓದುತ್ತಿದ್ದ ದಿನಗಳಿಂದ ಮೆಚ್ಚಿಕೊಂಡು ಬಂದ ನಿರ್ದೇಶಕರಲ್ಲಿ ಓಜು ಒಬ್ಬರು. ಹೀಗಾಗಿ ನಮ್ಮಲ್ಲಿ ಫಿಲ್ಮ್ ಸೊಸೈಟಿಗಳ ಒಡನಾಟವಿದ್ದವರಿಗೆ ಈ ಹೆಸರು ಹೊಸದಲ್ಲ, ಅದಕ್ಕೆ ಅಂಟಿಕೊಂಡ ‘ನಿಧಾನ’ ಎಂಬ ಮಾತೂ ಹೊಸದಲ್ಲ.

ಆದರೆ ಗಡಿಯಾರ ಹಿಡಿದು ಕೂತರೆ ಬೇರೆಯೇ ಲೆಕ್ಕ ಸಿಗುತ್ತದೆ. ಓಜು 1958ರಿಂದ 1962ರವರೆಗೆ ಮಾಡಿದ ಆರು ಬಣ್ಣದ ಸಿನಿಮಾಗಳಲ್ಲಿ ಒಂದು ಶಾಟ್ ಸರಾಸರಿ ಸುಮಾರು 7 ಸೆಕೆಂಡು ಮಾತ್ರ ತೆರೆಯ ಮೇಲಿರುತ್ತದೆ. ಅದಕ್ಕೆ ಹಿಂದಿನ ಮೂರು ದಶಕಗಳಲ್ಲಿ ಹಾಲಿವುಡ್ಡಿನ ಬಹುಪಾಲು ಸಿನಿಮಾಗಳ ಸರಾಸರಿ 8ರಿಂದ 11 ಸೆಕೆಂಡಿನ ನಡುವೆ ಇತ್ತೆಂದು ಸಿನಿಮಾ ಇತಿಹಾಸಕಾರ ಡೇವಿಡ್ ಬೋರ್ಡ್‌ವೆಲ್ ಲೆಕ್ಕ ಹಾಕಿದ್ದಾರೆ. ಅಂದರೆ ನಾವು ನಿಧಾನ ಎನ್ನುವ ಓಜು, ಕತ್ತರಿಸುವ ವೇಗದಲ್ಲಿ ಅಮೆರಿಕದ ಚುರುಕು ಕಥಾಚಿತ್ರಗಳಿಗಿಂತ ಮುಂದಿದ್ದರು. ನಮ್ಮ ಅನುಭವ ಸುಳ್ಳಲ್ಲ, ಈ ಸಂಖ್ಯೆಯೂ ಸುಳ್ಳಲ್ಲ. ಇವೆರಡರ ನಡುವಿನ ಅಂತರದಲ್ಲಿಯೇ ಓಜು ಶೈಲಿ ಇದೆ ಎಂಬುದು ನನ್ನ ನಂಬಿಕೆ.

ಕ್ಯಾಮೆರಾ ಓಡಲು ಶುರುವಾಗಿ ಮುಂದಿನ ಕಟ್ ಬೀಳುವವರೆಗಿನ ತುಣುಕು ಒಂದು ಶಾಟ್. ಸಿನಿಮಾದ ಒಟ್ಟು ಸೆಕೆಂಡುಗಳನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಶಾಟ್ ಅವಧಿ ಬರುತ್ತದೆ. ನಿರ್ದೇಶಕರ ಶೈಲಿಯನ್ನು ಹೀಗೆ ಎಣಿಕೆಯಿಂದ ಹಿಡಿಯಬಹುದೆಂದು 1974ರಲ್ಲಿ ಬ್ಯಾರಿ ಸಾಲ್ಟ್ ಒಂದು ಲೇಖನ ಬರೆದು ವಾದಿಸಿದರು. ಅವರು ಭೌತವಿಜ್ಞಾನ ಓದಿ ಸಿನಿಮಾಕ್ಕೆ ಬಂದವರು. ಆಗ ಈ ಕೆಲಸಕ್ಕೆ ಎಡಿಟಿಂಗ್ ಮೇಜಿನ ಮುಂದೆ ಕೂತು ರೀಲು ತಿರುಗಿಸುತ್ತಾ ಒಂದೊಂದೇ ಕಟ್ ಗುರುತಿಸಬೇಕಿತ್ತು. 2005ರಲ್ಲಿ ಯೂರಿ ತ್ಸಿವಿಯಾನ್ ಎಂಬ ವಿದ್ವಾಂಸರು ‘ಸಿನೆಮೆಟ್ರಿಕ್ಸ್’ ಎಂಬ ತಾಣವನ್ನು ಆರಂಭಿಸಿದರು. ಸಿನಿಮಾ ನೋಡುತ್ತಾ ಪ್ರತಿ ಕಟ್‌ಗೆ ಒಂದು ಕೀಲಿ ಒತ್ತಿದರೆ ಸಾಕು, ಅದು ಅವಧಿಗಳನ್ನು ದಾಖಲಿಸಿ ನಕ್ಷೆ ಬರೆದುಕೊಡುತ್ತದೆ. ಆಸಕ್ತಿ ಇರುವ ಯಾರು ಬೇಕಾದರೂ ಮಾಡಬಹುದಾದ ಕೆಲಸ ಅದು.

ಓಜು ಅವರ ‘ಟೋಕಿಯೊ ಸ್ಟೋರಿ’ಯನ್ನೇ ತೆಗೆದುಕೊಳ್ಳಿ. 1953ರ ಈ ಸಿನಿಮಾ 136 ನಿಮಿಷ, ಅಂದರೆ 8,160 ಸೆಕೆಂಡು ಓಡುತ್ತದೆ. ಶಾಟ್‌ಗಳು ಸುಮಾರು 800. ಭಾಗಿಸಿದರೆ 10 ಸೆಕೆಂಡಿಗೆ ಸ್ವಲ್ಪ ಹೆಚ್ಚು. ಹಂಗೇರಿಯ ಬೇಲಾ ತಾರ್ ಅವರ ‘ವೆರ್ಕ್‌ಮೈಸ್ಟರ್ ಹಾರ್ಮನೀಸ್’ 145 ನಿಮಿಷದ ಸಿನಿಮಾ, ಅದರಲ್ಲಿರುವುದು 39 ಶಾಟ್ ಮಾತ್ರ. ಅಲ್ಲಿ ಒಂದು ಶಾಟ್ ಸರಾಸರಿ ಮೂರು ಮುಕ್ಕಾಲು ನಿಮಿಷ ಇರುತ್ತದೆ. ಇಬ್ಬರನ್ನೂ ನಾವು ‘ನಿಧಾನ’ದ ಒಂದೇ ಗುಂಪಿಗೆ ಸೇರಿಸಿಬಿಡುತ್ತೇವೆ. ಆದರೆ ತಾರ್ ಒಂದು ಕಟ್ ಮಾಡುವ ಹೊತ್ತಿಗೆ ಓಜು ಇಪ್ಪತ್ತಕ್ಕೂ ಹೆಚ್ಚು ಸಲ ಕಟ್ ಮಾಡಿರುತ್ತಾರೆ.

ಲೆಕ್ಕ ಸುಲಭ, ಎಡವುವುದೂ ಅಷ್ಟೇ ಸುಲಭ. ಯುರೋಪಿನ ಹಳೆಯ ಟಿವಿ ಪದ್ಧತಿಗೆ ಮಾಡಿದ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಬದಲು 25 ಫ್ರೇಮ್ ಓಡುತ್ತವೆ. ಅಂಥ ಡಿವಿಡಿಯಲ್ಲಿ 136 ನಿಮಿಷದ ಸಿನಿಮಾ ನೂರಮೂವತ್ತೂವರೆ ನಿಮಿಷಕ್ಕೆ ಮುಗಿಯುತ್ತದೆ, ಶಾಟ್‌ನ ಸರಾಸರಿಯೂ ಶೇ. 4ರಷ್ಟು ಇಳಿಯುತ್ತದೆ. ಎರಡು ಸಿನಿಮಾಗಳನ್ನು ಹೋಲಿಸುವಾಗ ಒಂದು ಇಂಥ ಡಿವಿಡಿಯಿಂದ, ಇನ್ನೊಂದು ಬ್ಲೂ-ರೇಯಿಂದ ಬಂದಿದ್ದರೆ ಶೈಲಿಯದಲ್ಲದ ವ್ಯತ್ಯಾಸವನ್ನು ಶೈಲಿಯ ಲೆಕ್ಕಕ್ಕೆ ಬರೆದಂತಾಗುತ್ತದೆ. ಟೈಟಲ್ ಕಾರ್ಡ್‌ಗಳನ್ನು ಸೇರಿಸಬೇಕೋ ಬಿಡಬೇಕೋ ಎಂಬುದನ್ನೂ ಮೊದಲೇ ತೀರ್ಮಾನಿಸಿ, ಎಲ್ಲ ಸಿನಿಮಾಗಳಿಗೂ ಅದೇ ನಿಯಮ ಹಿಡಿಯಬೇಕು.

ಇದಕ್ಕಿಂತ ಆಳದ ತೊಂದರೆ ಸರಾಸರಿಯಲ್ಲಿಯೇ ಇದೆ. ಒಂದು ದೃಶ್ಯದಲ್ಲಿ ಹತ್ತು ಶಾಟ್ ಇವೆ, ಅವುಗಳ ಅವಧಿ 4, 5, 3, 4, 6, 3, 5, 4, 6, 30 ಸೆಕೆಂಡು ಎಂದುಕೊಳ್ಳಿ. ಒಟ್ಟು 70, ಸರಾಸರಿ 7. ಆದರೆ ಆ ದೃಶ್ಯದಲ್ಲಿ 7 ಸೆಕೆಂಡಿನ ಒಂದು ಶಾಟೂ ಇಲ್ಲ! ಒಂದೇ ಒಂದು ಉದ್ದನೆಯ ಶಾಟ್ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಅವಧಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನ ಬೆಲೆ ತೆಗೆದರೆ ನಾಲ್ಕೂವರೆ ಸೆಕೆಂಡು ಬರುತ್ತದೆ. ಈ ಮಧ್ಯಾಂಕವೇ ಆ ದೃಶ್ಯದ ನಿಜವಾದ ನಡಿಗೆಗೆ ಹತ್ತಿರ. ಬಹುಪಾಲು ಸಿನಿಮಾಗಳ ಶಾಟ್‌ಗಳು ಹೀಗೆಯೇ ಹಂಚಿಕೊಂಡಿರುತ್ತವೆ: ಚಿಕ್ಕವು ಹೇರಳ, ತೀರಾ ಉದ್ದನೆಯವು ಬೆರಳೆಣಿಕೆ. ಅದಕ್ಕಾಗಿಯೇ ಸರಾಸರಿಯ ಜೊತೆಗೆ ಮಧ್ಯಾಂಕವನ್ನೂ, ಅವಧಿಗಳು ಎಷ್ಟು ಚದುರಿಕೊಂಡಿವೆ ಎಂಬುದನ್ನೂ ನೋಡಬೇಕು.

ಓಜು ಒಗಟು ಬಿಡಿಸಲು ಮೊದಲ ದಾರಿ ಸಿಗುವುದು ಈ ಚದುರುವಿಕೆಯಲ್ಲಿಯೇ. ಅವರ ಕೊನೆಯ ಸಿನಿಮಾ, 1962ರ ‘ಆ್ಯನ್ ಆಟಮ್ ಆಫ್ಟರ್‌ನೂನ್’. 113 ನಿಮಿಷದ ಈ ಸಿನಿಮಾದಲ್ಲಿ ಹತ್ತಿರ ಹತ್ತಿರ ಸಾವಿರ ಶಾಟ್‌ಗಳಿವೆ. ಹೆಂಡತಿಯನ್ನು ಕಳೆದುಕೊಂಡ ಹಿರಾಯಾಮ ಎಂಬ ತಂದೆ, ಮದುವೆಯ ವಯಸ್ಸಿಗೆ ಬಂದ ಮಗಳು, ಸಂಜೆ ಕುಡಿಯಲು ಕೂಡುವ ಹಳೆಯ ಗೆಳೆಯರು, ಇಷ್ಟೇ ಕಥೆ. ಗೆಳೆಯರು ಹೋಟೆಲಿನ ಕೋಣೆಯಲ್ಲಿ ಕೂತು ಮಾತಾಡುವ ಯಾವುದೇ ದೃಶ್ಯವನ್ನು ಗಮನಿಸಿ. ಮೊದಲು ಎಲ್ಲರೂ ಕಾಣುವ ಒಂದು ದೂರದ ಶಾಟ್. ಆಮೇಲೆ ಒಬ್ಬೊಬ್ಬರದೇ ಎದೆಮಟ್ಟದ, ನೇರ ಎದುರಿನಿಂದ ಹಿಡಿದ ಶಾಟ್. ಮಾತಾಡುವವನು ತನ್ನ ಮಾತು ಪೂರ್ತಿ ಮುಗಿಸುತ್ತಾನೆ. ಚಿಕ್ಕ ಬಿಡುವು. ಕಟ್. ಎದುರಿನವನು ಉತ್ತರಿಸುತ್ತಾನೆ. ಮತ್ತೆ ಅಷ್ಟೇ ಬಿಡುವು, ಕಟ್. ಕೆಲವು ಮಾತುಗಳ ನಂತರ ಮತ್ತೆ ದೂರದ ಶಾಟ್.

ಹಾಲಿವುಡ್ ಪದ್ಧತಿಯಲ್ಲಿ ಒಬ್ಬ ಮಾತಾಡುತ್ತಿರುವಾಗಲೇ ಕೇಳುವವನ ಮುಖಕ್ಕೆ ಕತ್ತರಿಸುತ್ತಾರೆ. ಧ್ವನಿ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಇರುವುದರಿಂದ ದೃಶ್ಯ ಮುಂದಕ್ಕೆ ತಳ್ಳಿದ ಹಾಗೆ ಓಡುತ್ತದೆ. ಜಗಳ ಬಿಸಿಯೇರಿದರೆ ಶಾಟ್‌ಗಳು ಗಿಡ್ಡವಾಗುತ್ತಾ ಹೋಗುತ್ತವೆ. ಓಜು ಇವೆರಡನ್ನೂ ದೂರವಿಟ್ಟರು. ಕಟ್ ಬೀಳುವುದು ಸಾಮಾನ್ಯವಾಗಿ ಮಾತು ಮುಗಿದ ಮೇಲೆ. ಮಗಳ ಮದುವೆಯ ಮಾತಾದರೂ, ಗಾಲ್ಫ್ ಕೋಲು ಕೊಳ್ಳುವ ಮಾತಾದರೂ ಶಾಟ್‌ಗಳ ಅಳತೆ ಹೆಚ್ಚು ಕಡಿಮೆ ಅದೇ. ಒಂದೆರಡು ಸೆಕೆಂಡಿನ ಚೂರುಗಳೂ ಅಪರೂಪ, ನಿಮಿಷಗಟ್ಟಲೆ ನಿಲ್ಲುವ ಶಾಟ್‌ಗಳೂ ಅಪರೂಪ. ಚಿತ್ರೀಕರಣದಲ್ಲಿ ಅವರು ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದದ್ದು ಪ್ರಸಿದ್ಧ. ನಮ್ಮ ಮನಸ್ಸಿಗೆ ವೇಗ ಅನ್ನಿಸುವುದು ಕಟ್‌ಗಳ ಸಂಖ್ಯೆಯಿಂದಲ್ಲ, ಲಯ ಬದಲಾಗುವುದರಿಂದ. ವಿಳಂಬ ಲಯದಲ್ಲಿ ತಾಳದ ಪೆಟ್ಟುಗಳು ಎಷ್ಟೇ ಕ್ರಮವಾಗಿ ಬಿದ್ದರೂ ರಾಗ ಅವಸರಪಡುವುದಿಲ್ಲ, ಇದೂ ಹಾಗೆಯೇ.

ದೃಶ್ಯ ಮತ್ತು ದೃಶ್ಯದ ನಡುವೆ ಓಜು ಇಡುವ ಖಾಲಿ ಶಾಟ್‌ಗಳ ಮಾತೂ ಇಲ್ಲಿ ಬರಬೇಕು. ‘ಆ್ಯನ್ ಆಟಮ್ ಆಫ್ಟರ್‌ನೂನ್’ ಶುರುವಾಗುವುದೇ ಕೆಂಪು-ಬಿಳಿ ಪಟ್ಟೆಗಳ ಕಾರ್ಖಾನೆ ಚಿಮಣಿಗಳಿಂದ. ಬಳಿಕ ಕಾರಿಡಾರ್, ಬಾರಿನ ಬೋರ್ಡು, ಯಾರೂ ಇಲ್ಲದ ಓಣಿ. ಇವು ಕೆಲವೇ ಸೆಕೆಂಡಿನ ಶಾಟ್‌ಗಳು. ಆದರೆ ಅಲ್ಲಿ ಮನುಷ್ಯರಿಲ್ಲ, ಘಟನೆಯಿಲ್ಲ, ಹಾಗಾಗಿ ನೋಡುವವರಿಗೆ ಅವು ಇರುವುದಕ್ಕಿಂತ ಉದ್ದವಾಗಿ ಕಾಣುತ್ತವೆ. ಎಣಿಕೆಯ ಪಟ್ಟಿಯಲ್ಲಿ ಐದು ಸೆಕೆಂಡಿನ ಖಾಲಿ ಓಣಿಯೂ ಒಂದೇ, ಐದು ಸೆಕೆಂಡಿನ ಹೊಡೆದಾಟವೂ ಒಂದೇ. ಪ್ರತಿ ಶಾಟ್‌ನ ಎದುರು ‘ಮನುಷ್ಯರಿದ್ದಾರೆಯೇ, ಮಾತಿದೆಯೇ’ ಎಂಬ ಇನ್ನೆರಡು ಅಂಕಣ ಹಾಕಿಕೊಂಡು ತುಂಬಿಸದಿದ್ದರೆ ಓಜು ಕೈಗೆ ಸಿಗುವುದಿಲ್ಲ.

ಎರಡನೆಯ ಅಳತೆ ಕ್ಯಾಮೆರಾ ಚಲನೆಯದು. ಪ್ರತಿ ಶಾಟ್‌ಗೂ ಒಂದು ಗುರುತು ಹಾಕುತ್ತಾ ಹೋಗಬೇಕು: ಕ್ಯಾಮೆರಾ ನಿಂತಿದೆಯೇ, ಇದ್ದಲ್ಲೇ ಪಕ್ಕಕ್ಕೆ ತಿರುಗಿತೇ, ಮೇಲೆ ಕೆಳಗೆ ಬಾಗಿತೇ, ಟ್ರಾಲಿಯ ಮೇಲೆ ಸರಿಯಿತೇ, ಕ್ರೇನಿನಲ್ಲಿ ಏರಿತೇ? ಕೊನೆಗೆ ನೂರು ಶಾಟ್‌ಗೆ ಎಷ್ಟು ಚಲಿಸಿದವು ಎಂದು ಲೆಕ್ಕ ತೆಗೆಯಬೇಕು. ಇಲ್ಲಿಯೂ ನಿಯಮ ಮೊದಲೇ ಗಟ್ಟಿಯಾಗಿರಬೇಕು. ‘ಟೋಕಿಯೊ ಸ್ಟೋರಿ’ಯಲ್ಲಿ ದೂರದ ಊರಿನಿಂದ ಬಂದ ವೃದ್ಧ ದಂಪತಿಯನ್ನು ಸೊಸೆ ನಗರ ತೋರಿಸುವ ಬಸ್ಸಿನಲ್ಲಿ ಕರೆದೊಯ್ಯುತ್ತಾಳೆ. ಬಸ್ಸು ಓಡುತ್ತದೆ, ಕಿಟಕಿಯಾಚೆ ಕಟ್ಟಡಗಳು ಸರಿಯುತ್ತವೆ, ಆದರೆ ಬಸ್ಸಿನೊಳಗೆ ಕ್ಯಾಮೆರಾ ಕದಲುವುದಿಲ್ಲ. ಇದು ಚಲನೆಯೋ ಅಲ್ಲವೋ? ಕಂಪ್ಯೂಟರಿಗೆ ಬಿಟ್ಟರೆ ಅದು ಪಿಕ್ಸೆಲ್‌ಗಳ ಓಟ ನೋಡಿ ಚಲನೆ ಎಂದು ಬರೆಯುವ ಸಾಧ್ಯತೆ ಹೆಚ್ಚು. ನಾನಾದರೆ ಇದಕ್ಕೆ ಬೇರೆ ಅಂಕಣ ಇಡುತ್ತೇನೆ. ಏಕೆಂದರೆ ಇಲ್ಲಿ ನಿರ್ದೇಶಕ ಕ್ಯಾಮೆರಾವನ್ನು ಚಲಿಸಲಿಲ್ಲ, ಚಲಿಸುವ ವಸ್ತುವಿನೊಳಗೆ ಇಟ್ಟರು.

ಓಜು ಆರಂಭದಿಂದಲೂ ಹೀಗಿದ್ದವರಲ್ಲ. 1932ರ ಮೂಕಿ ಚಿತ್ರ ‘ಐ ವಾಸ್ ಬಾರ್ನ್, ಬಟ್...’ನಲ್ಲಿ ಕ್ಯಾಮೆರಾ ಶಾಲೆಯ ಮಕ್ಕಳ ಸಾಲಿನುದ್ದಕ್ಕೂ ಸರಿಯುತ್ತದೆ, ಬಳಿಕ ಅದೇ ರೀತಿ ಆಫೀಸಿನಲ್ಲಿ ಆಕಳಿಸುವ ಗುಮಾಸ್ತರ ಸಾಲಿನುದ್ದಕ್ಕೂ ಸರಿಯುತ್ತದೆ. ಮಕ್ಕಳು ಮುಂದೆ ಏನಾಗಲಿದ್ದಾರೆ ಎಂಬುದು ಎರಡು ಚಲನೆಗಳ ಹೋಲಿಕೆಯಲ್ಲೇ ಬಂದುಬಿಡುತ್ತದೆ. ಆ ಕಾಲದ ಅವರ ಶಾಟ್‌ಗಳ ಸರಾಸರಿ ಸುಮಾರು 4-5 ಸೆಕೆಂಡು. 1951ರ ‘ಅರ್ಲಿ ಸಮ್ಮರ್’ ಹೊತ್ತಿಗೆ ಚಲನೆ ವಿರಳವಾಗಿತ್ತು. ಆದರೂ ಕಡಲ ದಂಡೆಯ ಮರಳಿನ ದಿಬ್ಬದಲ್ಲಿ ಇಬ್ಬರು ಹೆಂಗಸರು ನಡೆಯುವಾಗ ಕ್ಯಾಮೆರಾ ಕ್ರೇನಿನಲ್ಲಿ ಮೇಲೇರುತ್ತದೆ. ಅವರ ಸಿನಿಮಾಗಳಲ್ಲಿ ಕ್ರೇನ್ ಬಳಸಿದ ಶಾಟ್ ಅದೊಂದೇ. ‘ಟೋಕಿಯೊ ಸ್ಟೋರಿ’ಯಲ್ಲಿ ಕ್ಯಾಮೆರಾ ತಾನಾಗಿ ಚಲಿಸುವುದು ಒಂದೆರಡು ಸಲ ಮಾತ್ರ. ಮಕ್ಕಳ ಮನೆಯಲ್ಲಿ ಜಾಗ ಸಿಗದೆ ಹೊರಬಿದ್ದ ಮುದುಕ-ಮುದುಕಿ ಉಯೆನೊ ಬಡಾವಣೆಯಲ್ಲಿ ಗೋಡೆಯ ಪಕ್ಕ ಕೂತಿರುವಾಗ ಕ್ಯಾಮೆರಾ ಆ ಗೋಡೆಯ ಬದಿಯಲ್ಲಿ ಮೆಲ್ಲಗೆ ಸರಿದು ಅವರನ್ನು ಕಾಣಿಸುತ್ತದೆ. ಎಂಟುನೂರು ಶಾಟ್‌ಗಳ ನಡುವೆ ಬರುವ ಈ ಚಲನೆಯನ್ನು ನೋಡುವವರು ಪ್ರಜ್ಞಾಪೂರ್ವಕವಾಗಿ ಗುರುತಿಸದೆ ಇರಬಹುದು. ಆದರೆ ಅಲ್ಲಿ ಎದೆ ಯಾಕೆ ಭಾರವಾಯಿತು ಎಂದು ಹುಡುಕಿದರೆ ಉತ್ತರದ ಒಂದು ಭಾಗ ಅದೇ. ಶೇಕಡಾವಾರು ನೋಡಿದರೆ ಈ ಚಲನೆ ಸೊನ್ನೆಗೆ ಹತ್ತಿರ, ಅದರ ತೂಕ ಬರುವುದು ಅದು ಅಷ್ಟು ಅಪರೂಪ ಎಂಬುದರಿಂದ.

ಬಣ್ಣದ ಆರು ಸಿನಿಮಾಗಳಿಗೆ ಬಂದರೆ ಚಲನೆ ಪೂರ್ತಿ ನಿಂತಿದೆ. ಕ್ಯಾಮೆರಾ ನೆಲಕ್ಕೆ ಸಮೀಪ, ಗಿಡ್ಡ ಸ್ಟ್ಯಾಂಡಿನ ಮೇಲೆ, 50 ಮಿಲಿಮೀಟರ್ ಲೆನ್ಸ್ ಹಾಕಿಕೊಂಡು ಕೂತುಬಿಟ್ಟಿದೆ. ಇದೇ ಹೊತ್ತಿಗೆ ಶಾಟ್‌ನ ಸರಾಸರಿ 10ರಿಂದ 7 ಸೆಕೆಂಡಿಗೆ ಇಳಿದಿದೆ. ಕ್ಯಾಮೆರಾ ಸ್ತಬ್ಧವಾದ ಕಾಲದಲ್ಲಿಯೇ ಕತ್ತರಿ ಚುರುಕಾಯಿತು ಎಂಬುದು ನನಗೆ ಇಡೀ ಲೆಕ್ಕದಲ್ಲಿ ತುಂಬ ಆಸಕ್ತಿ ಹುಟ್ಟಿಸಿದ ಸಂಗತಿ. ಕ್ಯಾಮೆರಾ ತಿರುಗಿ ತೋರಿಸಬಹುದಾದದ್ದನ್ನು ಅವರು ಕಟ್ ಮಾಡಿ ತೋರಿಸತೊಡಗಿದರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಎರಡು ಅಂಕಿಗಳನ್ನು ಬೇರೆ ಬೇರೆ ಓದಿದ್ದರೆ ಒಂದು ‘ಇನ್ನೂ ನಿಧಾನವಾದರು’ ಎನ್ನುತ್ತಿತ್ತು, ಇನ್ನೊಂದು ‘ಇನ್ನೂ ವೇಗವಾದರು’ ಎನ್ನುತ್ತಿತ್ತು.

ಬಣ್ಣ ಓಜು ಕೈಗೆ ತಡವಾಗಿ ಬಂತು. ಮೊದಲ ಬಣ್ಣದ ಸಿನಿಮಾ ‘ಈಕ್ವಿನಾಕ್ಸ್ ಫ್ಲವರ್’ 1958ರದು. ಬೇರೆ ಕಂಪನಿಯಿಂದ ಕರೆತಂದ ತಾರೆ ಫುಜಿಕೊ ಯಮಾಮೊಟೊ ಅದರಲ್ಲಿ ನಟಿಸುತ್ತಿದ್ದರಿಂದ ಬಣ್ಣದಲ್ಲೇ ಆಗಲಿ ಎಂದು ಶೊಚಿಕು ಸ್ಟುಡಿಯೊ ಬಯಸಿತು. ಓಜು ಅಮೆರಿಕದ ಫಿಲ್ಮ್ ಬಿಟ್ಟು ಜರ್ಮನಿಯ ಆಗ್ಫಾ ಆರಿಸಿಕೊಂಡರು. ಅದರಲ್ಲಿ ಕೆಂಪು ಅವರಿಗೆ ಬೇಕಾದ ಹಾಗೆ ಬರುತ್ತಿತ್ತು. ಆ ಸಿನಿಮಾದಲ್ಲಿ ಮನೆಯ ನೆಲದ ಮೇಲೆ ಒಂದು ಕೆಂಪು ಕೆಟಲ್ ಇದೆ. ಕಥೆಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಶಾಟ್‌ನಿಂದ ಶಾಟ್‌ಗೆ ಕಣ್ಣು ಅದನ್ನೇ ಹುಡುಕುತ್ತದೆ.

ಸಿನಿಮಾದ ವರ್ಣಪಟ್ಟಿ ತೆಗೆಯುವ ಸಾಮಾನ್ಯ ವಿಧಾನ ಹೀಗಿದೆ. ನಿಗದಿತ ಅಂತರಕ್ಕೆ ಒಂದರಂತೆ ಫ್ರೇಮ್‌ಗಳನ್ನು ಆಯ್ದು, ಅವುಗಳ ಪಿಕ್ಸೆಲ್‌ಗಳನ್ನು ಹೋಲುವ ಬಣ್ಣಗಳ ಐದಾರು ಗುಂಪು ಮಾಡಿಸಿ, ಪ್ರತಿ ಗುಂಪಿಗೆ ಒಂದು ಪ್ರತಿನಿಧಿ ಬಣ್ಣ ಕೊಡುವುದು. ಪ್ರತಿ ಫ್ರೇಮನ್ನು ಒಂದು ತೆಳು ಗೆರೆಯಾಗಿ ಕುಗ್ಗಿಸಿ ಸಾಲಾಗಿ ಜೋಡಿಸಿದರೆ ಇಡೀ ಸಿನಿಮಾದ ಬಣ್ಣದ ಪಟ್ಟಿಯೊಂದು ಬರುತ್ತದೆ. ಓಜು ಸಿನಿಮಾವನ್ನು ಹೀಗೆ ಕುಗ್ಗಿಸಿದರೆ ಮೇಲುಗೈಯಾಗುವುದು ಕಂದು, ಬೂದು, ಚಾಪೆಯ ಮಾಸಲು ಹಳದಿ. ಕೆಂಪು ಕಾಣಿಸುವುದೇ ಇಲ್ಲ! ಕಾರಣ ಸರಳ. ಕೆಟಲ್ ಚೌಕಟ್ಟಿನ ನೂರರಲ್ಲಿ ಒಂದು ಪಾಲು ಜಾಗ ಹಿಡಿದಿದೆ ಎಂದುಕೊಂಡರೆ, ಉಳಿದ ತೊಂಬತ್ತೊಂಬತ್ತು ಪಾಲಿನ ಜೊತೆ ಬೆರೆತಾಗ ಅದು ಕರಗಿಹೋಗುತ್ತದೆ. ಯಾರು ನೋಡಿದರೂ ಮರೆಯಲಾಗದ ಬಣ್ಣವೇ ವರ್ಣಪಟ್ಟಿಯಿಂದ ಕಾಣೆಯಾದರೆ ಆ ಪಟ್ಟಿಯನ್ನು ನಂಬುವುದು ಹೇಗೆ?

ಹಾಗಾಗಿ ಓಜು ವಿಷಯದಲ್ಲಿ ಪ್ರಶ್ನೆಯನ್ನೇ ಬದಲಿಸಬೇಕು. ಯಾವ ಬಣ್ಣ ಹೆಚ್ಚು ಜಾಗ ಹಿಡಿದಿದೆ ಎಂದು ಕೇಳುವ ಬದಲು, ಗಾಢತೆ ಒಂದು ಮಿತಿಗಿಂತ ಹೆಚ್ಚಿರುವ ಪಿಕ್ಸೆಲ್‌ಗಳನ್ನು ಮಾತ್ರ ಉಳಿಸಿಕೊಂಡು ಅವು ಯಾವ ಬಣ್ಣದವು, ಚೌಕಟ್ಟಿನ ಯಾವ ಮೂಲೆಯಲ್ಲಿವೆ ಎಂದು ಕೇಳಬೇಕು. ಆಗ ಕೆಂಪು ಎದ್ದು ಬರುತ್ತದೆ, ಅದು ಇರುವ ಸ್ಥಾನವೂ ಕಾಣುತ್ತದೆ. 1959ರ ‘ಗುಡ್ ಮಾರ್ನಿಂಗ್’ನ ಒಂದು ಕಟ್ ಇದಕ್ಕೆ ಒಳ್ಳೆಯ ಉದಾಹರಣೆ. ಹೊರಗೆ ತಂತಿಯ ಮೇಲೆ ಒಣಹಾಕಿದ ಬಟ್ಟೆಗಳಲ್ಲಿ ಒಂದು ಕೆಂಪು ಉಡುಪು ಎಡಗಡೆ ಮೇಲ್ಭಾಗದಲ್ಲಿದೆ. ಕಟ್ ಬಿದ್ದು ಮನೆಯ ಒಳಭಾಗ ಬಂದಾಗ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಒಂದು ಕೆಂಪು ದೀಪ. ಹೊರಗು ಒಳಗಾಯಿತು, ಕೆಂಪು ಮಾತ್ರ ನಿಂತಲ್ಲೇ ನಿಂತಿದೆ. ಇಂಥ ಹೊಂದಿಕೆಗಾಗಿ ಓಜು ಕ್ಯಾಮೆರಾದಲ್ಲಿ ಕಣ್ಣಿಟ್ಟು ಲೋಟ, ಬಾಟಲಿಗಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಿದ್ದರು.

ಕಟ್ ಬಿದ್ದರೂ ಕಣ್ಣು ಕದಲುವುದಿಲ್ಲ. ‘ಆ್ಯನ್ ಆಟಮ್ ಆಫ್ಟರ್‌ನೂನ್’ನ ಕುಡಿಯುವ ದೃಶ್ಯದಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ ಕಟ್ ಆದಾಗ ಇಬ್ಬರೂ ಚೌಕಟ್ಟಿನ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ, ಒಂದೇ ಬಗೆಯ ಉಡುಪಿನಲ್ಲಿ ಕೂತಿರುತ್ತಾರೆ. ಸಾವಿರದ ಹತ್ತಿರ ಕಟ್‌ಗಳಿದ್ದೂ ಸಿನಿಮಾ ಯಾಕೆ ನಿಂತ ನೀರಿನಂತೆ ಅನ್ನಿಸುತ್ತದೆ ಎಂಬುದಕ್ಕೆ ಇದು ದೊಡ್ಡ ಕಾರಣ. ಕಟ್‌ಗಳನ್ನು ತಾನಾಗಿ ಗುರುತಿಸುವ ಸಾಫ್ಟ್‌ವೇರ್ ಮುಗ್ಗರಿಸುವುದೂ ಇಂಥಲ್ಲಿಯೇ. ಅದು ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಬಣ್ಣ-ಬೆಳಕಿನ ವ್ಯತ್ಯಾಸ ಎಷ್ಟೆಂದು ನೋಡಿ ಕಟ್ ಎಂದು ತೀರ್ಮಾನಿಸುತ್ತದೆ. ಎರಡು ಫ್ರೇಮ್‌ಗಳು ಒಂದನ್ನೊಂದು ಹೋಲುವಂತೆ ಯಾರಾದರೂ ಇಷ್ಟು ಕಾಳಜಿಯಿಂದ ಜೋಡಿಸಿದ್ದರೆ ಅದು ಕಟ್ಟನ್ನೇ ದಾಟಿ ಹೋಗಬಹುದು. ಆಗ ಲೆಕ್ಕದಲ್ಲಿ ಶಾಟ್‌ಗಳು ಕಡಿಮೆಯಾಗಿ, ಸರಾಸರಿ ಏರಿ, ಓಜು ಇರುವುದಕ್ಕಿಂತ ನಿಧಾನವಾಗಿ ಕಾಣುತ್ತಾರೆ. ಯಂತ್ರದ ಎಣಿಕೆಯನ್ನು ಕೈ ಎಣಿಕೆಯ ಜೊತೆ ಒಂದೆರಡು ದೃಶ್ಯಗಳಲ್ಲಾದರೂ ತಾಳೆ ನೋಡಲೇಬೇಕು. ಬಣ್ಣಕ್ಕೂ ಇಂಥದೇ ಎಚ್ಚರಿಕೆ ಬೇಕು. ಹಳೆಯ ಪ್ರಿಂಟು ಮಾಸಿರುತ್ತದೆ. 2013ರ ಸುಮಾರಿಗೆ ಶೊಚಿಕು ಡಿಜಿಟಲ್ ಆಗಿ ಪುನರುಜ್ಜೀವಿಸಿದ ಪ್ರತಿಯ ಕೆಂಪಿಗೂ ಹಳೆಯ ಡಿವಿಡಿಯ ಕೆಂಪಿಗೂ ವ್ಯತ್ಯಾಸವಿರುತ್ತದೆ. ಯಾವ ಪ್ರತಿಯನ್ನು ಅಳೆದೆ ಎಂದು ಬರೆಯದ ವರ್ಣಪಟ್ಟಿಗೆ ಬೆಲೆಯಿಲ್ಲ.

ಉಳಿದಿರುವ ಪ್ರಶ್ನೆ ಒಂದು: ಇವೆಲ್ಲ ನಿರ್ದೇಶಕನ ಶೈಲಿಯೇ, ಸ್ಟುಡಿಯೊದ ಪದ್ಧತಿಯೇ, ಛಾಯಾಗ್ರಾಹಕನ ಅಭ್ಯಾಸವೇ? ಓಜು ಅವರ ಯುದ್ಧಾನಂತರದ ಸಿನಿಮಾಗಳ ಬಹುಭಾಗಕ್ಕೆ ಶೊಚಿಕುವಿನ ಯುಹಾರು ಅತ್ಸುತ ಅವರೇ ಕ್ಯಾಮೆರಾ ಹಿಡಿದವರು. ಅದೃಷ್ಟಕ್ಕೆ ಇದನ್ನು ಪರೀಕ್ಷಿಸಲು ಇತಿಹಾಸವೇ ಒಂದು ಅವಕಾಶ ಕೊಟ್ಟಿದೆ. 1959ರಲ್ಲಿ ಓಜು ಶೊಚಿಕು ಬಿಟ್ಟು ದಾಯೆಇ ಸ್ಟುಡಿಯೊಕ್ಕೆ ಹೋಗಿ, ತಮ್ಮದೇ 1934ರ ಮೂಕಿ ಚಿತ್ರವೊಂದನ್ನು ‘ಫ್ಲೋಟಿಂಗ್ ವೀಡ್ಸ್’ ಎಂದು ಬಣ್ಣದಲ್ಲಿ ಮತ್ತೆ ತೆಗೆದರು. ಊರೂರು ಅಲೆಯುವ ನಾಟಕ ಕಂಪನಿಯ ಕಥೆ ಅದು. ಕ್ಯಾಮೆರಾ ಹಿಡಿದವರು ಕಝುವೊ ಮಿಯಾಗಾವ. ಕುರೊಸಾವ ಅವರ ‘ರಶೋಮನ್’ನಲ್ಲಿ ಕಾಡಿನ ನಡುವೆ ಕ್ಯಾಮೆರಾವನ್ನು ಓಡಿಸಿದ ಕಲಾವಿದ ಇವರೇ. ಸ್ಟುಡಿಯೊ ಬೇರೆ, ಛಾಯಾಗ್ರಾಹಕ ಬೇರೆ, ಅದೂ ಚಲನೆಗೆ ಹೆಸರಾದವರು. ಶೈಲಿ ಅತ್ಸುತ ಅವರದಾಗಿದ್ದರೆ ಅಂಕಿಗಳು ಇಲ್ಲಿ ಬದಲಾಗಬೇಕಿತ್ತು. ಬದಲಾಗಲಿಲ್ಲ. ಕ್ಯಾಮೆರಾ ಕದಲಲಿಲ್ಲ, ಸರಾಸರಿ ಏಳು ಸೆಕೆಂಡಿನ ಆಸುಪಾಸಿನಲ್ಲೇ ಉಳಿಯಿತು, ಕೆಂಪೂ ತನ್ನ ಮೂಲೆಗಳಲ್ಲಿ ಉಳಿಯಿತು. ಎರಡು ವರ್ಷದ ನಂತರ ತೊಹೊ ಸ್ಟುಡಿಯೊಕ್ಕಾಗಿ ಮಾಡಿದ ‘ದಿ ಎಂಡ್ ಆಫ್ ಸಮ್ಮರ್’ನಲ್ಲಿಯೂ ಹಾಗೆಯೇ.

ಬದಲಾದದ್ದು ಬೇರೊಂದು. ‘ಫ್ಲೋಟಿಂಗ್ ವೀಡ್ಸ್’ನಲ್ಲಿ ಕಂಪನಿಯ ಯಜಮಾನನೂ ಅವನ ಜೊತೆಗಾತಿಯೂ ಓಣಿಯ ಎರಡು ಬದಿಗಳಲ್ಲಿ ಸೂರಿನ ಕೆಳಗೆ ನಿಂತು, ನಡುವೆ ಸುರಿಯುವ ಮಳೆಯ ಆಚೀಚೆಯಿಂದ ಒಬ್ಬರಿಗೊಬ್ಬರು ಬೈದಾಡುತ್ತಾರೆ. ಆ ಮಳೆಯ ಮೇಲೆ ಬಿದ್ದ ಬೆಳಕು, ನೆರಳಿಗೆ ಬಂದ ಆಳ ಓಜು ಅವರ ಶೊಚಿಕು ಸಿನಿಮಾಗಳಲ್ಲಿ ಕಾಣಸಿಗುವುದಿಲ್ಲ. ಅದು ಮಿಯಾಗಾವ ಅವರ ಕೊಡುಗೆ. ಶಾಟ್‌ನ ಅವಧಿ, ಚಲನೆ, ಬಣ್ಣ ಈ ಮೂರು ಅಂಕಣಗಳಲ್ಲಿ ಯಾವುದೂ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಬೆಳಕು-ನೆರಳಿನ ಅಂತರವನ್ನು ಅಳೆಯುವ ನಾಲ್ಕನೆಯ ಅಂಕಣ ಬೇಕು. ಆ ಅಂಕಣದಲ್ಲಿ ಮಿಯಾಗಾವ ತೆಗೆದ ಸಿನಿಮಾವನ್ನು ಅತ್ಸುತ ತೆಗೆದ ‘ಗುಡ್ ಮಾರ್ನಿಂಗ್’ ಪಕ್ಕ ಇಟ್ಟು ನೋಡಬೇಕು. ಎರಡೂ ಒಂದೇ ವರ್ಷದವು, ಒಬ್ಬರೇ ನಿರ್ದೇಶಕರವು.